ಹನ್ನೊಂದು ಗಂಟೆಯ ನೋವು

ಪರೀಕ್ಷೆಗೆ ಇನ್ನು ಐದು ವಾರ. ಸುಧಾಳ ತಲೆನೋವಿಗೂ ಒಂದು ಟೈಮ್‌ಟೇಬಲ್ ಇತ್ತು. ಬೆಳಗ್ಗೆ ಹನ್ನೊಂದಕ್ಕೆ ಕತ್ತಿನ ಹಿಂದೆ ಶುರು. ಸಂಜೆ ಹೊತ್ತಿಗೆ ಹಣೆಗೆ ಬಟ್ಟೆ ಬಿಗಿದು ಕಟ್ಟಿದ ಹಾಗೆ.

"ಪರೀಕ್ಷೆ ಟೆನ್ಷನ್, ಮುಗಿದ ಮೇಲೆ ಹೋಗುತ್ತೆ" ಅಂದರು ಅಮ್ಮ. ಅಕ್ಕ ಒಪ್ಪಲಿಲ್ಲ. "ನೋವು ಬಂದ ಹೊತ್ತು, ಏನು ತಿಂದಿದ್ದೆ, ಎಲ್ಲಿ ಕೂತಿದ್ದೆ, ಬರೆದಿಡು."

ರಫ್ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಒಂದು ವಾರ ಬರೆದಳು. ಬೆಳಗಿನ ಸಾಲಿನಲ್ಲಿ ಆರು ದಿನವೂ ಒಂದೇ ಪದ: ಕಾಫಿ.

"ಕಾಫಿ ಯಾವಾಗಿಂದ ತಿಂಡಿ ಆಯ್ತು?"

"ಹೊಟ್ಟೆ ತುಂಬಿದ್ರೆ ನಿದ್ದೆ ಬರುತ್ತೆ ಅಕ್ಕ."

"ರಾತ್ರಿ ಎಂಟಕ್ಕೆ ಉಂಡವಳು ಮಧ್ಯಾಹ್ನ ಒಂದರವರೆಗೂ ಖಾಲಿ ಹೊಟ್ಟೆ. ಲೆಕ್ಕ ಹಾಕು, 17 ಗಂಟೆ."

ಮಾರನೇ ದಿನದಿಂದ ಏಳೂವರೆಗೆ ಒಂದು ಮೊಟ್ಟೆ, ಹಣ್ಣು, ದೊಡ್ಡ ಲೋಟ ನೀರು. ನಾಲ್ಕನೇ ದಿನಕ್ಕೆ ಹನ್ನೊಂದರ ನೋವು ಮೂರು ಗಂಟೆಗೆ ಜಾರಿತು. ಹೋಗಲಿಲ್ಲ, ಜಾರಿತು ಅಷ್ಟೇ.

ಆಮೇಲೆ ಅಕ್ಕ ಸುಮ್ನೆ ಪಕ್ಕದಿಂದ ಒಂದು ಫೋಟೋ ತೆಗೆದಳು. ಹಾಸಿಗೆ ಮೇಲೆ ಚಕ್ಕಳಮಕ್ಕಳ, ತೊಡೆ ಮೇಲೆ ಪುಸ್ತಕ, ಕತ್ತು ಕೊಕ್ಕರೆ ಹಾಗೆ ಮುಂದಕ್ಕೆ. ಅದನ್ನು ನೋಡಿ ಸುಧಾಳೇ ನಕ್ಕುಬಿಟ್ಟಳು. ಓದು ಮೇಜಿಗೆ ಬಂತು. ಪುಸ್ತಕಕ್ಕೆ ಇಳಿಜಾರು ಬೇಕಿತ್ತು, ಹೋದ ವರ್ಷದ ಗೈಡುಗಳು ಅಡಿಗೆ ಹೋದವು. ಅವು ಉಪಯೋಗಕ್ಕೆ ಬಂದಿದ್ದು ಅದೇ ಮೊದಲು.

ಕತ್ತು ಹಗುರಾಯಿತು. ಹಣೆಯ ಬಿಗಿತ ಮಾತ್ರ ಉಳಿಯಿತು.

ಕನ್ನಡಕ ಎರಡು ವರ್ಷ ಹಳೆಯದು. ಒಂದು ಕಡ್ಡಿ ಸಡಿಲವಾಗಿ ಮೂಗಿನ ತುದಿಗೆ ಇಳಿಯುತ್ತಿತ್ತು, ಅವಳು ಪುಟಕ್ಕೊಮ್ಮೆ ಬೆರಳಲ್ಲಿ ಮೇಲೆ ತಳ್ಳುತ್ತಿದ್ದಳು. ಕಣ್ಣು ಪರೀಕ್ಷೆಯಲ್ಲಿ ಬೀಸಣಿಗೆಯ ಕಡ್ಡಿಗಳ ಹಾಗೆ ಹರಡಿದ ಗೆರೆಗಳನ್ನು ತೋರಿಸಿದರು.

"ಎಲ್ಲಾ ಒಂದೇ ಥರ ಕಾಣ್ತಿದೆಯಾ?"

"ಇಲ್ಲ, ನೆಟ್ಟಗಿರೋದು ಕಪ್ಪಗಿದೆ, ಅಡ್ಡ ಇರೋದು ಮಸುಕು. ಪ್ರಿಂಟೇ ಹಾಗಲ್ವಾ?"

ಪ್ರಿಂಟ್ ಹಾಗಿರಲಿಲ್ಲ. ಬಲಗಣ್ಣಿಗೆ ಸಿಲಿಂಡರ್ ಪವರ್ ಬಂದಿತ್ತು, ಅಂದರೆ ಒಂದು ದಿಕ್ಕಿನ ಗೆರೆ ಸ್ಪಷ್ಟ, ಇನ್ನೊಂದು ದಿಕ್ಕಿನದು ಮಸುಕಾಗಿ ಕಾಣುವ ದೋಷ. ಅದನ್ನು ಸರಿದೂಗಿಸಲು ಇಡೀ ದಿನ ಕಣ್ಣು ಕಿರಿದು ಮಾಡಿ, ಹುಬ್ಬು ಗಂಟಿಕ್ಕಿ ಓದುತ್ತಿದ್ದಳು. ಹೊಸ ಕನ್ನಡಕ ಹಾಕಿದ ಎರಡು ದಿನ ನೆಲ ವಾಲಿದ ಹಾಗೆ ಕಂಡು, ಮೆಟ್ಟಿಲಿಳಿಯಲು ಗೋಡೆ ಹಿಡಿದಳು. ಮೂರನೇ ದಿನ ನೆಲ ನೆಟ್ಟಗಾಯಿತು.

ಮಧ್ಯೆ ಒಂದು ರಾತ್ರಿ ಎರಡರವರೆಗೆ ಓದಿದಳು. ಮರುದಿನ ನೋವು ಹಾಜರ್. ಅದನ್ನೂ ಕೊನೇ ಪುಟದಲ್ಲಿ ಬರೆದಳು.

ಮೊದಲ ಪರೀಕ್ಷೆ ಗಣಿತ. ಹನ್ನೊಂದು ಹೊಡೆದಾಗ ಅವಳ ಎಡಗೈ ತಾನಾಗಿ ಕತ್ತಿನ ಹಿಂದಕ್ಕೆ ಹೋಯಿತು. ಅಲ್ಲೇನೂ ಇರಲಿಲ್ಲ. ಒಂದು ನಿಮಿಷ ಕಾದಳು. ಆಮೇಲೆ ಏಳನೇ ಪ್ರಶ್ನೆ ಇನ್ನೂ ಖಾಲಿ ಇರೋದು ಕಂಡು ಪೆನ್ನು ಎತ್ತಿಕೊಂಡಳು.