ಆಂಗ್ಲೋ–ಮೈಸೂರು ಯುದ್ಧಗಳು: ಪುಟ 62–63ರ ಫೋಟೊದಿಂದ ಕಟ್ಟಿದ ಕಾಲರೇಖೆ

ಇತಿಹಾಸ ಪಠ್ಯಪುಸ್ತಕದ ಫೋಟೊ ಒಂದು, ಪುಟ ಎರಡು. ಎಡಪುಟದಲ್ಲಿ (62) ಮೊದಲೆರಡು ಯುದ್ಧಗಳು, ಬಲಪುಟದಲ್ಲಿ (63) ಕೊನೆಯ ಎರಡು. ಬಲಪುಟದ ಮೇಲ್ಮೂಲೆಯಲ್ಲಿ ಟಿಪ್ಪು ಸುಲ್ತಾನನ ಬಗ್ಗೆ ಒಂದು ಚೌಕಟ್ಟು, ಎಡಪುಟದ ಕೆಳಗೆ ನಕ್ಷೆ. ಪುಸ್ತಕ ಪ್ರತಿ ಯುದ್ಧವನ್ನೂ ಕಾರಣ, ಘಟನೆ, ಪರಿಣಾಮ ಎಂದು ಮೂರು ತುಂಡು ಮಾಡಿ ಬರೆದಿದೆ. ಪಾಠ ಒಪ್ಪಿಸಲು ಇದು ಸಲೀಸು. ಇಸವಿಗಳು ಮಾತ್ರ ಹಿಂದಕ್ಕೂ ಮುಂದಕ್ಕೂ ಜಿಗಿಯುತ್ತವೆ: ಎರಡನೆಯ ಯುದ್ಧದ ಕಾರಣಗಳಲ್ಲಿ 1779 ಮೊದಲು ಬಂದು 1771 ಕೊನೆಗೆ ಬರುತ್ತದೆ. ಆದ್ದರಿಂದ ಮೊದಲು ಎರಡೂ ಪುಟಗಳ ಇಸವಿಗಳನ್ನೆಲ್ಲ ಬಿಡಿಬಿಡಿಯಾಗಿ ಎತ್ತಿ ಬರೆದುಕೊಂಡು, ಆಮೇಲೆ ಕ್ರಮಕ್ಕೆ ಜೋಡಿಸಲಾಗಿದೆ.

ಆವರಣದ ಅಂಕಿ ಪುಟಸಂಖ್ಯೆ. ನಕ್ಷತ್ರ (*) ಇರುವುದು ಪುಟದಲ್ಲಿಲ್ಲ. ಅದಿಲ್ಲದೆ ಕಾರಣದ ಕೊಂಡಿ ಕಳಚುತ್ತದೆ ಎಂದು ಸೇರಿಸಿದ್ದು.

1761 (62): ಹೈದರ್ ಅಲಿ ಮೈಸೂರಿನ ಆಡಳಿತವನ್ನು ಪೂರ್ತಿ ಕೈಗೆ ತೆಗೆದುಕೊಂಡ. ಒಡೆಯರ್ ಅರಸರು ಹೆಸರಿಗಷ್ಟೇ ಉಳಿದರು.

1767 (62): ಮೊದಲ ಯುದ್ಧ ಶುರು. ಕಾರಣ: ಹೈದರನ ಬೆಳವಣಿಗೆ ಕಂಡು ಇಂಗ್ಲಿಷರು, ನಿಜಾಮ, ಮರಾಠರು ಮೂವರಿಗೂ ಕಸಿವಿಸಿ. ಹೈದರ್ ಹಣ ಕೊಟ್ಟು ಮರಾಠರನ್ನು ವಾಪಸು ಕಳಿಸಿದ, ನಿಜಾಮನನ್ನು ತನ್ನ ಕಡೆಗೆ ಎಳೆದುಕೊಂಡ.

1768*: ನಿಜಾಮ ಮತ್ತೆ ಇಂಗ್ಲಿಷರ ಪಕ್ಷಕ್ಕೆ. ಪುಸ್ತಕ "ನಿಜಾಮ ಪಕ್ಷ ಬದಲಿಸಿದ" ಎಂದು ಒಂದೇ ಸಲ ಹೇಳುತ್ತದೆ. ಅವನು ಬದಲಿಸಿದ್ದು ಎರಡು ಸಲ. ಇದನ್ನು ಬಿಟ್ಟರೆ 1769ರಲ್ಲಿ ಹೈದರ್ ಒಬ್ಬನೇ ಏಕೆ ಇದ್ದ ಎಂಬುದು ತಿಳಿಯದು.

1769 (62): ಮಾರ್ಚ್‌ನಲ್ಲಿ ಹೈದರನ ಕುದುರೆ ಪಡೆ ಮದ್ರಾಸಿನ ಬಾಗಿಲಿಗೆ ಬಂತು. ಏಪ್ರಿಲ್‌ನಲ್ಲಿ ಮದ್ರಾಸ್ ಒಪ್ಪಂದ: ಗೆದ್ದ ಪ್ರದೇಶಗಳನ್ನು ಪರಸ್ಪರ ಹಿಂತಿರುಗಿಸುವುದು, ಬೇರೆಯವರು ದಾಳಿ ಮಾಡಿದರೆ ಒಬ್ಬರಿಗೊಬ್ಬರು ನೆರವಾಗುವುದು. ಫೋಟೊದಲ್ಲಿ ಈ ಇಸವಿ 1789 ಎಂದೂ ಓದಿಸಿಕೊಳ್ಳುತ್ತದೆ, ಏಕೆಂದರೆ ನೆರಳು ಬಿದ್ದು 6ರ ತಲೆ ಮುಚ್ಚಿಕೊಂಡಿದೆ. ಒಪ್ಪಂದಕ್ಕೆ ಬಂದವನು ಹೈದರ್. 1789ಕ್ಕೆ ಅವನು ಬದುಕಿರಲಿಲ್ಲ. ಹಾಗಾಗಿ 1769.

1771 (62): ಮರಾಠರು ಮೈಸೂರಿನ ಮೇಲೆ ಬಿದ್ದಾಗ ಇಂಗ್ಲಿಷರು ನೆರವಿಗೆ ಬರಲಿಲ್ಲ. ಇದು ಎರಡನೆಯ ಯುದ್ಧದ ಬೇರು. ಪುಸ್ತಕ ಇದನ್ನು ಕಾರಣಗಳ ಕೊನೆಯ ಸಾಲಿಗೆ ತಳ್ಳಿದೆ, ಕಾಲರೇಖೆಯಲ್ಲಿ ಇದಕ್ಕೇ ಮೊದಲ ಸ್ಥಾನ.

1778*: ಅಮೆರಿಕದ ಸ್ವಾತಂತ್ರ್ಯ ಯುದ್ಧಕ್ಕೆ ಫ್ರಾನ್ಸ್ ಇಳಿಯಿತು. ಇದರಿಂದ ಭಾರತದಲ್ಲೂ ಇಂಗ್ಲಿಷರಿಗೆ ಫ್ರೆಂಚರ ನೆಲೆಗಳು ಶತ್ರು ನೆಲೆಗಳಾದವು.

1779, ಮಾರ್ಚ್ (62): ಇಂಗ್ಲಿಷರು ಮಾಹೆಯನ್ನು ಹಿಡಿದರು. ಹೈದರನಿಗೆ ಫ್ರೆಂಚ್ ಮದ್ದುಗುಂಡು ಬರುತ್ತಿದ್ದ ದಾರಿ ಅದು. ಯುದ್ಧದ ತಕ್ಷಣದ ಕಾರಣ ಇದೇ.

1780 (62): ಜುಲೈನಲ್ಲಿ ಹೈದರ್ ಕರ್ನಾಟಿಕ್‌ಗೆ ನುಗ್ಗಿದ. ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೈಲಿಯ ಪಡೆ ಸೋತು, ಬೈಲಿ ಸೆರೆಯಾದ. ಕರ್ನಾಟಿಕ್ ಎಂದರೆ ಇಲ್ಲಿ ಆರ್ಕಾಟಿನ ನವಾಬನ ಸೀಮೆ. ನಕ್ಷೆಯಲ್ಲಿ ಇಂದಿನ ಕರ್ನಾಟಕದ ಮೇಲೆ ಬೆರಳಿಟ್ಟರೆ ಇಡೀ ಯುದ್ಧವೇ ತಲೆಕೆಳಗು.

1781, ಜುಲೈ 1 (62): ಪೋರ್ಟೊನೋವೊದಲ್ಲಿ ಸರ್ ಐರ್ ಕೂಟ್‌ನಿಂದ ಹೈದರನಿಗೆ ಸೋಲು.

1782, ಡಿಸೆಂಬರ್ 7 (62): ಹೈದರ್ ನಿಧನ, ಯುದ್ಧ ನಡೆಯುತ್ತಿರುವಾಗಲೇ. ಪುಸ್ತಕದ ಮಡಿಕೆಯಲ್ಲಿ ಕೊನೆಯ ಅಂಕಿ ಮುಳುಗಿ "178" ಮಾತ್ರ ಕಾಣುತ್ತದೆ. 1781ರ ಜುಲೈನಲ್ಲಿ ಅವನು ಯುದ್ಧಭೂಮಿಯಲ್ಲಿದ್ದ, 1784ರ ಒಪ್ಪಂದ ಟಿಪ್ಪುವಿನ ಹೆಸರಿನಲ್ಲಿದೆ. ಉಳಿಯುವುದು 1781ರಿಂದ 1783. ಬಲಪುಟದ ಚೌಕಟ್ಟು "ಆಳ್ವಿಕೆ: 1782–1799" ಎನ್ನುವುದರಿಂದ 1782 ಎಂದು ನಿರ್ಧಾರ. ಕಾಣದ ಅಂಕಿಗೆ ಹೀಗೆ ಪುಟದೊಳಗಿನ ಸಾಕ್ಷ್ಯವೇ ಬೇಕು, ಊಹೆ ಸಲ್ಲದು.

1783*: ಯುರೋಪಿನಲ್ಲಿ ಇಂಗ್ಲಿಷ್–ಫ್ರೆಂಚ್ ಸಂಧಾನ. ಸುದ್ದಿ ಮುಟ್ಟುತ್ತಲೇ ಮಂಗಳೂರಿನ ಮುತ್ತಿಗೆಯಿಂದ ಫ್ರೆಂಚರು ಹಿಂದೆ ಸರಿದರು, ಟಿಪ್ಪು ಒಂಟಿಯಾದ.

1784, ಮಾರ್ಚ್ 11 (62): ಮಂಗಳೂರು ಒಪ್ಪಂದ. ಗೆದ್ದದ್ದನ್ನು ಇಬ್ಬರೂ ಹಿಂತಿರುಗಿಸಿದರು.

1789 (63): ತಿರುವಾಂಕೂರು ರಾಜ ಡಚ್ಚರಿಂದ ಕೊಡುಂಗಲ್ಲೂರು ಮತ್ತು ಆಯಕೋಟೆಗಳನ್ನು ಕೊಂಡ. ಕೊಚ್ಚಿ ತನ್ನ ಅಧೀನ, ಆ ನೆಲ ಮಾರಲು ಡಚ್ಚರಿಗೆ ಹಕ್ಕಿಲ್ಲ ಎಂದು ಟಿಪ್ಪುವಿನ ವಾದ. ಡಿಸೆಂಬರ್ ಕೊನೆಯಲ್ಲಿ ತಿರುವಾಂಕೂರಿನ ರಕ್ಷಣಾ ಗೋಡೆಯ ಮೇಲೆ ದಾಳಿ. ಮೂರನೆಯ ಯುದ್ಧದ ಶೀರ್ಷಿಕೆಯಲ್ಲಿ "1790–92" ಎಂದಿರುವುದರಿಂದ ಈ ದಾಳಿಯನ್ನೂ 1790ಕ್ಕೆ ಸೇರಿಸುವ ತಪ್ಪು ಸಾಮಾನ್ಯ. ದಾಳಿ ಕಾರಣ, ಯುದ್ಧ ಅದರ ಫಲ. ನಡುವೆ ಇಸವಿ ಬದಲಾಗಿದೆ.

1790, ಜೂನ್–ಜುಲೈ (63): ಕಾರ್ನ್‌ವಾಲಿಸ್ ಮರಾಠರೊಂದಿಗೂ ನಿಜಾಮನೊಂದಿಗೂ ಕೂಟ ಕಟ್ಟಿದ.

1791, ಮಾರ್ಚ್ 21 (63): ಬೆಂಗಳೂರು ಕೋಟೆ ಇಂಗ್ಲಿಷರ ವಶ. ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಹತ್ತಿರ ಗೆದ್ದರೂ ದವಸ–ಮೇವು ಸಾಲದೆ ಕಾರ್ನ್‌ವಾಲಿಸ್ ಹಿಂದಿರುಗಿದ*.

1792 (63): ಫೆಬ್ರವರಿಯಲ್ಲಿ ಮುತ್ತಿಗೆ, ಪ್ರಾಥಮಿಕ ಷರತ್ತುಗಳಿಗೆ ಒಪ್ಪಿಗೆ, ಫೆಬ್ರವರಿ 26ರಂದು* ಟಿಪ್ಪುವಿನ ಇಬ್ಬರು ಮಕ್ಕಳು ಒತ್ತೆಯಾಳು. ಮಾರ್ಚ್ 18ರಂದು ಶ್ರೀರಂಗಪಟ್ಟಣ ಒಪ್ಪಂದ: ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ. ಪುಸ್ತಕ ಒತ್ತೆಯನ್ನು ಒಪ್ಪಂದದ "ಪರಿಣಾಮ" ಎಂದು ಪಟ್ಟಿ ಮಾಡಿದೆ. ತಾರೀಕಿನ ಲೆಕ್ಕದಲ್ಲಿ ಮಕ್ಕಳು ಹೋದದ್ದು ಅಂತಿಮ ಸಹಿಗಿಂತ ಮೊದಲೇ.

1798 (63): ಮೇ ತಿಂಗಳಲ್ಲಿ ವೆಲ್ಲೆಸ್ಲಿ ಗವರ್ನರ್ ಜನರಲ್ ಆಗಿ ಬಂದ. ಟಿಪ್ಪು ಮಾರಿಷಸ್‌ನ ಫ್ರೆಂಚರ ನೆರವು ಕೇಳಿದ್ದು ಅವನಿಗೆ ಒಳ್ಳೆಯ ನೆಪವಾಯಿತು. ಸೆಪ್ಟೆಂಬರ್‌ನಲ್ಲಿ ನಿಜಾಮ ಸಹಾಯಕ ಸೈನ್ಯ ಪದ್ಧತಿಗೆ ಒಪ್ಪಿದ.

1799 (63): ನಾಲ್ಕನೆಯ ಯುದ್ಧ. ಮಾರ್ಚ್ 27 ಮಳವಳ್ಳಿ ಕಾಳಗ, ಮೇ 4 ಶ್ರೀರಂಗಪಟ್ಟಣದ ಪತನ, ಟಿಪ್ಪುವಿನ ಮರಣ, ಜೂನ್ 30 ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ್ ಪಟ್ಟಾಭಿಷೇಕ.

ಬಾಣದ ಗುರುತುಗಳು

ಕಾರಣದಿಂದ ಪರಿಣಾಮಕ್ಕೆ ಬಾಣ ಎಳೆದಾಗ ಪುಟದಲ್ಲಿ ಕಾಣದ ಒಂದು ಸಂಗತಿ ಹೊರಬೀಳುತ್ತದೆ. ಅತಿ ಉದ್ದದ ಬಾಣ 1769ರಿಂದ 1780ಕ್ಕೆ: ನೆರವಿನ ಮಾತು, 1771ರಲ್ಲಿ ಮಾತು ತಪ್ಪಿದ್ದು, ಯುದ್ಧ. 1792ರ ಒಪ್ಪಂದದಿಂದ 1799ಕ್ಕೂ ಗಟ್ಟಿ ಬಾಣವಿದೆ. ಅರ್ಧ ರಾಜ್ಯ ಹೋದವನು ಹೊರಗಿನ ನೆರವು ಹುಡುಕಿದ. 1784ರಿಂದ 1789ಕ್ಕೆ ಮಾತ್ರ ಅಂಥ ನೇರ ಬಾಣ ಎಳೆಯಲಾಗದು, ಅಲ್ಲಿ ಹೊಸ ಜಗಳ ತಿರುವಾಂಕೂರಿನದು. ಪುಸ್ತಕ "ಮಂಗಳೂರು ಒಪ್ಪಂದದಿಂದ ಅತೃಪ್ತಿ" ಎಂದು ಒಂದು ಸಾಲು ಬರೆದಿದೆ; ಅದಕ್ಕೆ ಚುಕ್ಕೆಗೆರೆಯ ಬಾಣ ಸಾಕು.

ಹಾಳೆಯ ಮೇಲೆ

1761ರಿಂದ 1799 ಎಂದರೆ 38 ವರ್ಷ. ವರ್ಷಕ್ಕೆ ಅರ್ಧ ಸೆಂಟಿಮೀಟರ್ ಇಟ್ಟರೆ ಗೆರೆ 19 ಸೆಂ.ಮೀ., ಅಡ್ಡ ಹಿಡಿದ ಎ4 ಹಾಳೆಯಲ್ಲಿ ಹಿಡಿಸುತ್ತದೆ. ಯುದ್ಧದ ವರ್ಷಗಳನ್ನು ಗೆರೆಯ ಮೇಲೆ ದಪ್ಪ ಪಟ್ಟಿಯಾಗಿ, ಕಾರಣಗಳನ್ನು ಮೇಲೆ, ಒಪ್ಪಂದಗಳನ್ನು ಕೆಳಗೆ ಬರೆಯಲಾಗಿದೆ. 1799ರ ಮೂರು ತಾರೀಕುಗಳಿಗೆ ಒಟ್ಟು ಸಿಗುವ ಜಾಗ ಒಂದೂವರೆ ಮಿಲಿಮೀಟರೂ ಇಲ್ಲ. 1791–92ರದೂ ಅದೇ ಕಥೆ. ಈ ಎರಡಕ್ಕೆ ಕೆಳಗೆ ಪ್ರತ್ಯೇಕ ಗೆರೆ, ಅಲ್ಲಿ ತಿಂಗಳಿಗೆ ಒಂದು ಸೆಂ.ಮೀ. 1772ರಿಂದ 1777ರವರೆಗಿನ ಜಾಗ ಖಾಲಿ ಉಳಿದಿದೆ. ಅದನ್ನು ಹಾಗೇ ಬಿಡಲಾಗಿದೆ: ಗೆರೆಯನ್ನು ಅಲ್ಲಿ ಮೊಟಕು ಮಾಡಿದರೆ 1771ರ ಸಿಟ್ಟು ಮರುವರ್ಷವೇ ಯುದ್ಧವಾದಂತೆ ಕಾಣುತ್ತದೆ.