ಬೆಳಗಿನ ಪಾಳಿ: ದರ್ಶಿನಿ ಅಡುಗೆಮನೆ ತೆರೆಯುವ ಕ್ರಮ

ಇದು ಬೆಳಗ್ಗೆ 4:45ಕ್ಕೆ ಬಂದು ಬಾಗಿಲು ತೆರೆಯುವವರಿಗೆ. ಭಟ್ಟರು 6 ಗಂಟೆಗೆ ಬರುತ್ತಾರೆ, ಕೌಂಟರ್ 6:30ಕ್ಕೆ ಶುರು. ಅಲ್ಲಿಯವರೆಗೆ ಅಡುಗೆಮನೆಯಲ್ಲಿ ನೀವೊಬ್ಬರೇ. ಯಾವುದಾದರೂ ಪದಾರ್ಥದ ಮೇಲೆ ಅನುಮಾನ ಬಂದರೆ ಚೆಲ್ಲಿಬಿಡಿ. ಅದಕ್ಕೆ ಯಾರನ್ನೂ ಕೇಳಬೇಕಿಲ್ಲ, ಬುಕ್‌ನಲ್ಲಿ ಒಂದು ಸಾಲು ಬರೆದರೆ ಸಾಕು.

4:45 – ಗ್ಯಾಸ್

ಬಾಗಿಲು ತೆಗೆದ ಕೂಡಲೇ ಲೈಟ್ ಹಾಕಬೇಡಿ. ಬಗ್ಗಿ, ನೆಲದ ಹತ್ತಿರ ಮೂಸಿ ನೋಡಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ನಿಲ್ಲುತ್ತದೆ.

ವಾಸನೆ ಬಂದರೆ:
1. ಯಾವ ಸ್ವಿಚ್ಚನ್ನೂ ಮುಟ್ಟಬೇಡಿ. ಆನ್ ಮಾಡುವುದೂ ಬೇಡ, ಆಫ್ ಮಾಡುವುದೂ ಬೇಡ. ಎಕ್ಸಾಸ್ಟ್ ಫ್ಯಾನ್ ಕೂಡ ಬೇಡ.
2. ಬಾಗಿಲು ಪೂರ್ತಿ ತೆರೆದಿಟ್ಟು ಹೊರಗೆ ಬನ್ನಿ. ಹಿತ್ತಲಿನ ಸಿಲಿಂಡರ್ ಗೂಡಿನಲ್ಲಿರುವ ಮೇನ್ ವಾಲ್ವ್ ಮುಚ್ಚಿ.
3. ದೂರ ನಿಂತು 1906ಕ್ಕೆ ಫೋನ್ ಮಾಡಿ, ಆಮೇಲೆ ಸೂಪರ್‌ವೈಸರ್‌ಗೆ. ಅವರು ಹೇಳುವ ತನಕ ಒಳಗೆ ಹೋಗಬೇಡಿ. ಅಂಗಡಿ ತಡವಾಗಿ ತೆರೆದರೂ ಪರವಾಗಿಲ್ಲ.

ವಾಸನೆ ಇಲ್ಲದಿದ್ದರೆ ಲೈಟ್, ಎಕ್ಸಾಸ್ಟ್ ಹಾಕಿ, ಮೇನ್ ವಾಲ್ವ್ ತೆರೆಯಿರಿ. ಲೈಟರ್ ಉರಿಯನ್ನು ಬರ್ನರ್ ಹತ್ತಿರ ಹಿಡಿದ ಮೇಲೇ ನಾಬ್ ತಿರುಗಿಸಿ.

4:55 – ಕೈ, ಫ್ರಿಜ್

ಉಂಗುರ, ವಾಚು ತೆಗೆದಿಡಿ. ಟೋಪಿ, ಏಪ್ರನ್ ಹಾಕಿ. ಸೋಪಿನಿಂದ 20 ಸೆಕೆಂಡ್ ಕೈ ಉಜ್ಜಿ ತೊಳೆಯಿರಿ. ಗಾಯವಿದ್ದರೆ ಪ್ಲಾಸ್ಟರ್, ಅದರ ಮೇಲೆ ಗ್ಲೌಸ್. ವಾಂತಿ, ಭೇದಿ ಇದ್ದರೆ ಬರಲೇಬೇಡಿ, ಫೋನ್ ಮಾಡಿ. ಆ ದಿನದ ಸಂಬಳ ಕತ್ತರಿಸುವುದಿಲ್ಲ.

ಫ್ರಿಜ್ 5 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಜಾಸ್ತಿ ಇದ್ದರೆ ಹಾಲು, ಮೊಸರು, ತುರಿದ ಕಾಯಿ ಬಳಸಬೇಡಿ. ಕರೆಂಟ್ ಹೋಗಿ ಬಂದಿರುವ ರಾತ್ರಿಗಳಲ್ಲಿ ಹೀಗಾಗುತ್ತದೆ.

5:05 – ಬೇಳೆ, ಹಿಟ್ಟು, ಇಡ್ಲಿ

ಮೊದಲು ಬೇಳೆ, ಯಾಕೆಂದರೆ ಅದಕ್ಕೇ ಹೊತ್ತು ಹಿಡಿಯುವುದು. 2 ಕೆಜಿ ತೊಗರಿಬೇಳೆ, 6 ಲೀಟರ್ ನೀರು, ಚಿಟಿಕೆ ಅರಿಶಿನ, ದೊಡ್ಡ ಕುಕ್ಕರ್‌ನಲ್ಲಿ. ಬೇಳೆ, ನೀರು ಸೇರಿ ಅರ್ಧಕ್ಕಿಂತ ಮೇಲೆ ಬರಬಾರದು. ವೆಂಟ್ ತೂತು ಬೆಳಕಿಗೆ ಹಿಡಿದು ನೋಡಿ, ಕಟ್ಟಿಕೊಂಡಿರಬಾರದು.

ಈಗ ರಾತ್ರಿಯ ಹಿಟ್ಟು. ಉಬ್ಬಿರಬೇಕು, ಗುಳ್ಳೆ ಇರಬೇಕು, ಹಿತವಾದ ಹುಳಿ ವಾಸನೆ ಬರಬೇಕು. ಗುಲಾಬಿ ಅಥವಾ ಕಿತ್ತಳೆ ಬಣ್ಣದ ಗೆರೆ ಕಂಡರೆ, ಕೆಟ್ಟ ವಾಸನೆ ಬಂದರೆ ಇಡೀ ಪಾತ್ರೆ ಚೆಲ್ಲಿ. ಮೇಲಿನದನ್ನು ತೆಗೆದು ಉಳಿದದ್ದು ಬಳಸುವ ಹಾಗಿಲ್ಲ. ಡಿಸೆಂಬರ್, ಜನವರಿ ಚಳಿಯಲ್ಲಿ ಹಿಟ್ಟು ಸರಿಯಾಗಿ ಏಳದಿದ್ದರೆ ಸೋಡಾ ಸುರಿಯಬೇಡಿ. ಅದನ್ನು ದೋಸೆಗೆ ಎತ್ತಿಟ್ಟು ಭಟ್ಟರಿಗೆ ಫೋನ್ ಮಾಡಿ.

ಇಡ್ಲಿ ಹಿಟ್ಟನ್ನು ಜೋರಾಗಿ ಕಲಕಬೇಡಿ, ಗಾಳಿ ಹೋದರೆ ಇಡ್ಲಿ ಕಲ್ಲಾಗುತ್ತದೆ. ಸ್ಟೀಮರ್‌ನಲ್ಲಿ ಗುರುತಿನವರೆಗೆ ನೀರು ಹಾಕಿ, ಆವಿ ಚೆನ್ನಾಗಿ ಬಂದ ಮೇಲೇ ತಟ್ಟೆ ಇಡಿ. ಬಟ್ಟೆ ಒದ್ದೆ ಮಾಡಿ ಹಾಸಿ. 12 ನಿಮಿಷ. ತೆಗೆಯುವಾಗ ಗ್ಯಾಸ್ ಆಫ್ ಮಾಡಿ, ಮುಚ್ಚಳದ ಬಾಯಿ ನಿಮ್ಮ ಕಡೆಗಲ್ಲ, ಗೋಡೆ ಕಡೆಗೆ ತೆರೆಯಲಿ. ಮೊದಲ ತಟ್ಟೆಯ ಒಂದು ಇಡ್ಲಿ ನೀವೇ ತಿನ್ನಿ. ಅದು ಪರೀಕ್ಷೆಯೂ ಹೌದು, ನಿಮ್ಮ ತಿಂಡಿಯೂ ಹೌದು.

5:40 – ಸಾಂಬಾರ್

ತರಕಾರಿ ಬೆಂದ ಮೇಲೆ ಬೇಳೆ, ಹುಣಸೆರಸ, ಪುಡಿ, ಉಪ್ಪು ಸೇರಿಸಿ ಚೆನ್ನಾಗಿ ಕುದಿಸಿ. ಅಳತೆ ಒಲೆ ಮೇಲಿನ ಹಲಗೆಯಲ್ಲಿದೆ. ಬಡಿಸುವಷ್ಟು ಹೊತ್ತೂ 60 ಡಿಗ್ರಿಗಿಂತ ಮೇಲೆ ಇರಬೇಕು. ಗಂಟೆಗೊಮ್ಮೆ ಥರ್ಮಾಮೀಟರ್ ಒರೆಸಿ, ಪಾತ್ರೆಯ ಮಧ್ಯಕ್ಕೆ ಇಳಿಸಿ ನೋಡಿ. ಇಳಿದಿದ್ದರೆ ಮತ್ತೆ ಪೂರ್ತಿ ಕುದಿಸಿ. ನಿನ್ನೆಯ ಸಾಂಬಾರ್ ಬೆರೆಸುವ ಮಾತೇ ಇಲ್ಲ.

6:10 – ಚಟ್ನಿ

ಚಟ್ನಿ ಕೊನೆಗೆ. ಬೇಗ ರುಬ್ಬಿಟ್ಟರೆ ಸುಮ್ನೆ ಹಾಳಾಗುತ್ತದೆ. ಇಡೀ ಕೆಲಸದಲ್ಲಿ ಜನರ ಹೊಟ್ಟೆ ಕೆಡಿಸುವ ಸಾಧ್ಯತೆ ಜಾಸ್ತಿ ಇರುವುದು ಇದಕ್ಕೇ.

1. ಕಾಯಿ ಒಡೆದ ತಕ್ಷಣ ಪ್ರತಿ ಹೋಳನ್ನೂ ಮೂಸಿ. ಒಂದು ಕೆಟ್ಟರೆ ಪೂರ್ತಿ ಚಟ್ನಿ ಕೆಟ್ಟಂತೆ.
2. ಫಿಲ್ಟರ್ ನೀರನ್ನೇ ಹಾಕಿ, ನಲ್ಲಿ ನೀರು ಬೇಡ.
3. ಮಿಕ್ಸಿ ಪ್ಲಗ್ ಕಿತ್ತ ಮೇಲೇ ಜಾರ್ ಒಳಗೆ ಕೈ ಅಥವಾ ಚಮಚ.
4. ಪಾತ್ರೆಗೆ ಟೇಪ್ ಅಂಟಿಸಿ ರುಬ್ಬಿದ ಸಮಯ ಬರೆಯಿರಿ. ಎರಡು ಗಂಟೆ ಆದ ಮೇಲೆ ಉಳಿದದ್ದು ಚೆಲ್ಲಿ. ಹಳೆಯದಕ್ಕೆ ಹೊಸದು ಸುರಿಯಬೇಡಿ, ಪಾತ್ರೆಯನ್ನೇ ಬದಲಾಯಿಸಿ.

ರಶ್ ಇದ್ದಾಗ "ಇನ್ನು ಹತ್ತು ನಿಮಿಷ ಇರಲಿ" ಎಂದು ಯಾರಾದರೂ ಹೇಳುತ್ತಾರೆ. ಕೇಳಬೇಡಿ, ಭಟ್ಟರು ಹೇಳಿದರೂ ಸರಿ.

ಅವಘಡ ಆದರೆ

ಸುಟ್ಟರೆ ನಲ್ಲಿ ನೀರಿನ ಕೆಳಗೆ 20 ನಿಮಿಷ. ಪೇಸ್ಟ್, ತುಪ್ಪ, ಇಂಕು ಏನೂ ಹಚ್ಚಬೇಡಿ. ವಡೆ ಬಾಣಲೆಗೆ ಬೆಂಕಿ ಹತ್ತಿದರೆ ನೀರು ಹಾಕಬೇಡಿ. ಕೈಗೆಟುಕಿದರೆ ಗ್ಯಾಸ್ ಆಫ್ ಮಾಡಿ, ದೊಡ್ಡ ಮುಚ್ಚಳ ಮುಚ್ಚಿ, ತಣ್ಣಗಾಗುವ ತನಕ ತೆಗೆಯಬೇಡಿ. ಬೆಂಕಿ ಬಾಣಲೆ ದಾಟಿದರೆ ಹೊರಗೆ ಓಡಿ, 101ಕ್ಕೆ ಫೋನ್ ಮಾಡಿ.

ಭಟ್ಟರು ಬಂದಾಗ ಫ್ರಿಜ್ ಎಷ್ಟಿತ್ತು, ಹಿಟ್ಟು ಹೇಗಿದೆ, ಏನೇನು ಚೆಲ್ಲಿದಿರಿ ಎಂದು ಬಾಯಲ್ಲೇ ಹೇಳಿ, ಬುಕ್‌ಗೆ ಸಹಿ ಹಾಕಿ.