ಕಳುವಾದ ಲ್ಯಾಪ್‌ಟಾಪ್‌ಗೆ ವಿಮಾ ಹಣ ಕೋರಿ ಪತ್ರ

ದಾವಣಗೆರೆ
22 ಸೆಪ್ಟೆಂಬರ್ 2025

ಇವರಿಂದ:
ಎಸ್. ಮಂಜುನಾಥ
ವಿದ್ಯಾನಗರ, ದಾವಣಗೆರೆ
(ಪೂರ್ತಿ ವಿಳಾಸ, ಫೋನ್ ನಂಬರ್ ಪಾಲಿಸಿಯಲ್ಲಿ ಇರುವುದೇ, ಬದಲಾಗಿಲ್ಲ)

ಇವರಿಗೆ:
ಮ್ಯಾನೇಜರ್ ಅವರು, ಕ್ಲೇಮ್ ವಿಭಾಗ
ದಾವಣಗೆರೆ ಶಾಖೆ

ವಿಷಯ: ಮನೆಯಿಂದ ಕಳುವಾದ ಲ್ಯಾಪ್‌ಟಾಪ್‌ನ ಕ್ಲೇಮ್, ಮತ್ತು ಫೋನಿನಲ್ಲಿ ನಾನು ತಪ್ಪಾಗಿ ಹೇಳಿದ ಸೀರಿಯಲ್ ನಂಬರಿನ ತಿದ್ದುಪಡಿ

ಗೃಹ ವಿಮಾ ಪಾಲಿಸಿ ಸಂಖ್ಯೆ: HH/0417/25/003862 (3 ಮೇ 2025 ರಿಂದ 2 ಮೇ 2026)
ಕ್ಲೇಮ್ ಸಂಖ್ಯೆ: 2509-16-0728

ಮಾನ್ಯರೇ,

ಇದೇ 14ರ ಭಾನುವಾರ ನಮ್ಮ ಮನೆಗೆ ಕಳ್ಳರು ನುಗ್ಗಿ ಲ್ಯಾಪ್‌ಟಾಪ್ ಒಯ್ದಿದ್ದಾರೆ. ಅದರ ವಿಮಾ ಹಣ ಕೊಡಬೇಕೆಂದು ಕೇಳಲು ಈ ಪತ್ರ. ಕ್ಲೇಮ್ ಫಾರಂ ತುಂಬಿ ಜೊತೆಗೆ ಇಟ್ಟಿದ್ದೇನೆ. ಆದರೆ ಫಾರಂನಲ್ಲಿ ಸೀರಿಯಲ್ ನಂಬರಿಗೆ ಕೊಟ್ಟಿರುವ ಜಾಗ ಒಂದೇ ಸಾಲು. ನನ್ನ ವಿಷಯ ಆ ಒಂದು ಸಾಲಿನಲ್ಲಿ ಮುಗಿಯುವಂಥದ್ದಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ನಡೆದದ್ದು. ಅವತ್ತು ಹರಿಹರದಲ್ಲಿ ನನ್ನ ತಂಗಿಯ ಮಗುವಿನ ನಾಮಕರಣ ಇತ್ತು. ಬೆಳಿಗ್ಗೆ ಒಂಬತ್ತೂವರೆಗೆ ನಾನು, ಹೆಂಡತಿ, ಮಗಳು ಮೂವರೂ ಬೀಗ ಹಾಕಿಕೊಂಡು ಹೊರಟೆವು. ರಾತ್ರಿ ಎಂಟೂ ಮುಕ್ಕಾಲಿಗೆ ವಾಪಸ್ ಬಂದಾಗ ಗೇಟು ಹಾಕಿದ ಹಾಗೇ ಇತ್ತು. ಮುಂಬಾಗಿಲಿನ ಬೀಗ ಕೂಡ ಮುರಿದಿರಲಿಲ್ಲ. ಬೀಗ ಸಿಕ್ಕಿಸುವ ಕೊಂಡಿಯನ್ನೇ ಸ್ಕ್ರೂ ಸಮೇತ ಚೌಕಟ್ಟಿನಿಂದ ಮೀಟಿ ಕಿತ್ತಿದ್ದರು. ಬೀಗ ಕೊಂಡಿಯಲ್ಲೇ ನೇತಾಡುತ್ತಿತ್ತು. ಚೌಕಟ್ಟಿನ ಮರ ಒಂದು ಗೇಣಿನಷ್ಟು ಸೀಳಿದೆ. ನೀವು ಕಳಿಸುವ ಸರ್ವೇಯರ್ ಅದನ್ನು ನೋಡಲಿ ಅಂತ ಇನ್ನೂ ರಿಪೇರಿ ಮಾಡಿಸಿಲ್ಲ. ಸದ್ಯಕ್ಕೆ ಒಳಗಿನ ಅಗಳಿ ಮತ್ತು ಒಂದು ಚೈನು ಹಾಕಿಕೊಂಡು ಮಲಗುತ್ತಿದ್ದೇವೆ. ಹಾಗಾಗಿ ಅವರು ಬೇಗ ಬಂದರೆ ಉಪಕಾರ.

ಬೀರುವನ್ನು ಕಳ್ಳರು ಮುಟ್ಟಿಲ್ಲ. ನಡುಮನೆಯ ಟೇಬಲ್ ಮೇಲೆ ಕಪ್ಪು ಬ್ಯಾಗಿನಲ್ಲಿದ್ದ ಲ್ಯಾಪ್‌ಟಾಪ್, ಚಾರ್ಜರ್, ಮೌಸ್, ಇಷ್ಟನ್ನು ಬ್ಯಾಗ್ ಸಮೇತ ಎತ್ತಿಕೊಂಡು ಹೋಗಿದ್ದಾರೆ. ಎದುರುಮನೆಯವರು ಸಂಜೆ ಏಳಕ್ಕೆ ಹೂವು ಕೊಡಲು ಬಂದು, ಬೀಗ ನೋಡಿ ವಾಪಸ್ ಹೋದರಂತೆ. ಅಂದರೆ ಕಳ್ಳತನ ಆಗಿರುವುದು ಏಳರಿಂದ ಎಂಟೂ ಮುಕ್ಕಾಲರ ಒಳಗೆ.

ರಾತ್ರಿಯೇ 112ಕ್ಕೆ ಫೋನ್ ಮಾಡಿದೆ. ಪೊಲೀಸರು ಬಂದು ನೋಡಿ ಹೋದರು. ಮಾರನೇ ದಿನ ಬೆಳಿಗ್ಗೆ ಠಾಣೆಗೆ ಹೋಗಿ ದೂರು ಕೊಟ್ಟೆ. ಭಾರತೀಯ ನ್ಯಾಯ ಸಂಹಿತೆಯ ಕಲಂ 305 ಮತ್ತು 331ರ ಅಡಿ ಎಫ್‌ಐಆರ್ ಆಗಿದೆ. ಅವತ್ತೇ ಸ್ಥಳ ಮಹಜರು ಆಯಿತು. ಕಿತ್ತ ಕೊಂಡಿ, ಸೀಳಿದ ಚೌಕಟ್ಟು ಎರಡೂ ಮಹಜರಿನಲ್ಲಿ ಬರೆದಿವೆ. ಬಲವಂತವಾಗಿ ಒಳನುಗ್ಗಿದ್ದಕ್ಕೆ ಗುರುತು ಇರಬೇಕು ಅಂತ ಪಾಲಿಸಿಯಲ್ಲಿ ಹೇಳಿದ್ದೀರಲ್ಲ, ಅದಕ್ಕೆ ಈ ಮಹಜರು ಸಾಕು ಅಂತ ನನ್ನ ಭಾವನೆ.

ಇನ್ನು ನಂಬರಿನ ವಿಷಯ.

ಎಫ್‌ಐಆರ್‌ನಲ್ಲಿ ‘ಡೆಲ್ ಕಂಪನಿಯ ಕಪ್ಪು ಬಣ್ಣದ ಲ್ಯಾಪ್‌ಟಾಪ್, ಸೀರಿಯಲ್ ನಂಬರ್ ಗೊತ್ತಿಲ್ಲ’ ಅಂತ ಇದೆ. ಅವತ್ತು ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಬಿಲ್ಲು ಎಲ್ಲಿ ಅಂತ ನೀವು ಕೇಳಬಹುದು. ಹುಷಾರಾಗಿ ಇರಲಿ ಅಂತ ಅದನ್ನು ಲ್ಯಾಪ್‌ಟಾಪ್ ಬ್ಯಾಗಿನ ಒಳಜೇಬಿನಲ್ಲೇ ಇಟ್ಟಿದ್ದೆ. ಬ್ಯಾಗಿನ ಜೊತೆ ಅದೂ ಹೋಯಿತು. ರಟ್ಟಿನ ಡಬ್ಬವನ್ನು ಎರಡು ವರ್ಷದ ಹಿಂದೆ ದೀಪಾವಳಿ ಕ್ಲೀನಿಂಗ್‌ನಲ್ಲಿ ಹಳೇ ಪೇಪರಿನವನಿಗೆ ಹಾಕಿದ್ದೆವು. ಅಂಗಡಿಯವರು ಬಿಲ್ಲಿನ ನಕಲು ಕೊಟ್ಟಿದ್ದಾರೆ. 19 ನವೆಂಬರ್ 2022, ಡೆಲ್ ಇನ್‌ಸ್ಪಿರಾನ್ 3511, ಐ5 ಪ್ರೊಸೆಸರ್, 8 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, ಜಿಎಸ್‌ಟಿ ಸೇರಿ 52,990 ರೂಪಾಯಿ. ಎಲ್ಲ ಸರಿ ಇದೆ, ಸೀರಿಯಲ್ ನಂಬರ್ ಮಾತ್ರ ಇಲ್ಲ. ನಿಮ್ಮ ಪಾಲಿಸಿಯ ಪಟ್ಟಿಯಲ್ಲೂ ‘ಲ್ಯಾಪ್‌ಟಾಪ್ 1, ರೂ. 45,000’ ಅಂತಷ್ಟೇ ಇದೆ. ನೀವು ಕೇಳಲಿಲ್ಲ, ನಾನೂ ಬರೆಸಲಿಲ್ಲ.

ಆಮೇಲೆ ನನ್ನ ಹೆಂಡತಿಗೆ ಒಂದು ಹಳೇ ಫೋಟೋ ನೆನಪಾಯಿತು. 2023ರ ಫೆಬ್ರವರಿಯಲ್ಲಿ ರ‍್ಯಾಮ್ ಜಾಸ್ತಿ ಮಾಡಿಸಬಹುದಾ ಅಂತ ಬೆಂಗಳೂರಿನಲ್ಲಿರುವ ಅವಳ ತಮ್ಮನನ್ನು ಕೇಳಿದ್ದೆ. ‘ಭಾವ, ಉಲ್ಟಾ ಹಾಕಿ ಕೆಳಗಿನ ಸ್ಟಿಕ್ಕರ್ ಫೋಟೋ ತೆಗೆದು ಕಳಿಸಿ’ ಅಂದಿದ್ದ. ಕಳಿಸಿದ್ದೆ. ಆಗಿನ ನನ್ನ ಫೋನು ಕಳೆದ ವರ್ಷ ನೀರಿನ ಸಂಪಿಗೆ ಬಿದ್ದು ಕೆಟ್ಟಿತು, ಅದರಲ್ಲಿದ್ದದ್ದೆಲ್ಲ ಹೋಯಿತು. ಅವನ ಫೋನಿನಲ್ಲಿ ಆ ಚಾಟ್ ಹಾಗೇ ಇತ್ತು. 15ರ ಸಂಜೆ ಹುಡುಕಿ ಕಳಿಸಿದ.

ಫೋಟೋದಲ್ಲಿ ಲ್ಯಾಪ್‌ಟಾಪು ನಮ್ಮ ಹಸಿರು ಚೌಕುಳಿ ಹೊದಿಕೆಯ ಮೇಲೆ ಬೋರಲಾಗಿದೆ. ಎಡಗಡೆ ನನ್ನ ಹೆಬ್ಬೆರಳು. ಬಲ ಮೂಲೆಯಲ್ಲಿ ಒಂದು ಸ್ಕ್ರೂ ಇಲ್ಲ. ಅದರ ಪಕ್ಕ ಮಗಳು ಅಂಟಿಸಿದ ಚಿಟ್ಟೆಯ ಸ್ಟಿಕ್ಕರ್ ಇದೆ, ಒಂದು ರೆಕ್ಕೆ ಹರಿದದ್ದು. ಎಲ್ಲಾದರೂ ಮಾಲು ಸಿಕ್ಕರೆ ಗುರುತಿಗೆ ಬರಲಿ ಅಂತ ಇದನ್ನೆಲ್ಲ ಬರೆಯುತ್ತಿದ್ದೇನೆ. ನಡುವೆ ಕಂಪನಿಯ ಲೇಬಲ್. ಅದರಲ್ಲಿ ನಮಗೆ ಬೇಕಾದದ್ದು ಈ ಮೂರು ಸಾಲು:

```
Inspiron 3511
Service Tag: 5GB2Q83
Express Service Code: 11869973571
```

ಡೆಲ್‌ನವರು ಸೀರಿಯಲ್ ನಂಬರಿಗೆ ಸರ್ವಿಸ್ ಟ್ಯಾಗ್ ಅನ್ನುತ್ತಾರೆ. ಏಳು ಅಕ್ಷರ. ತೊಂದರೆ ಆದದ್ದು ಮೂರನೆಯದರಲ್ಲಿ. ಟ್ಯೂಬ್‌ಲೈಟಿನ ಬೆಳಕು ಸರಿಯಾಗಿ ಅದರ ಮೇಲೇ ಬಿದ್ದು ಹೊಳೆಯುತ್ತಿದೆ. ಮೇಲಾಗಿ ವಾಟ್ಸಾಪ್‌ನಲ್ಲಿ ಬಂದ ಫೋಟೋ ಕುಗ್ಗಿ ಮಸುಕಾಗಿರುತ್ತದೆ. ನನ್ನ ಕಣ್ಣಿಗೆ ಅದು 8 ಥರ ಕಂಡಿತು. 16ರ ಬೆಳಿಗ್ಗೆ ನಿಮ್ಮ ಸಹಾಯವಾಣಿಗೆ ಫೋನ್ ಮಾಡಿದಾಗ ಹಾಗೇ 5G82Q83 ಅಂತ ಓದಿಬಿಟ್ಟೆ. ಅದು ತಪ್ಪು. ಅದು 8 ಅಲ್ಲ, ಇಂಗ್ಲಿಷಿನ B. ಸರಿಯಾದ ನಂಬರ್ 5GB2Q83.

ಸುಮ್ನೆ ಅಂದಾಜಿಗೆ ಬದಲಾಯಿಸುತ್ತಿಲ್ಲ. ಕೆಳಗಿನ ಸಾಲಿನ ಎಕ್ಸ್‌ಪ್ರೆಸ್ ಸರ್ವಿಸ್ ಕೋಡ್ ಇದೆಯಲ್ಲ, ಅದು ಬೇರೆ ನಂಬರಲ್ಲ. ಸರ್ವಿಸ್ ಟ್ಯಾಗನ್ನೇ ಬರೀ ಅಂಕಿಯಲ್ಲಿ ಬರೆದದ್ದು. 0 ರಿಂದ 9ಕ್ಕೆ ಅದೇ ಬೆಲೆ. A ಅಂದರೆ 10, B ಅಂದರೆ 11, ಹೀಗೆ Z ಬಂದಾಗ 35. ನಾವು ಎಣಿಸುವಾಗ ಒಂದೊಂದು ಸ್ಥಾನಕ್ಕೆ ಹತ್ತು ಪಟ್ಟು ಹೆಚ್ಚುವ ಹಾಗೆ ಇದರಲ್ಲಿ ಒಂದೊಂದು ಸ್ಥಾನಕ್ಕೆ 36 ಪಟ್ಟು. ಇದನ್ನು ಹೇಳಿಕೊಟ್ಟವನೂ ನನ್ನ ಬಾಮೈದನೇ. ನಾನು ಮಂಡಿಪೇಟೆಯ ಅಂಗಡಿಯಲ್ಲಿ ಹತ್ತೊಂಬತ್ತು ವರ್ಷದಿಂದ ಲೆಕ್ಕ ಬರೆಯುವವನು. ಆದರೂ ಅವನ ಮಾತು ನಂಬದೆ ಕ್ಯಾಲ್ಕುಲೇಟರ್ ಹಿಡಿದು ಕೂತೆ.

ಎಡಗಡೆಯಿಂದ ಮೂರನೇ ಜಾಗದ ಬೆಲೆ 36ರ ನಾಲ್ಕನೇ ಘಾತ, ಅಂದರೆ 16,79,616. ಅಲ್ಲಿ B ಇಟ್ಟರೆ ಒಟ್ಟು 11869973571 ಬರುತ್ತದೆ. ಫೋಟೋದಲ್ಲಿ ಇರುವುದೂ ಅದೇ, ಒಂದು ಅಂಕಿಯೂ ಆಚೀಚೆ ಇಲ್ಲ. 8 ಇಟ್ಟರೆ 11864934723 ಬರುತ್ತದೆ. ವ್ಯತ್ಯಾಸ 50,38,848, ಅಂದರೆ ಸರಿಯಾಗಿ 16,79,616ರ ಮೂರು ಪಟ್ಟು. ಎಕ್ಸ್‌ಪ್ರೆಸ್ ಕೋಡಿನ ಸಾಲಿನ ಮೇಲೆ ಬೆಳಕು ಬಿದ್ದಿಲ್ಲ, ಹನ್ನೊಂದು ಅಂಕಿಯೂ ಸ್ಪಷ್ಟ. ಹಾಗಾಗಿ ಅನುಮಾನಕ್ಕೆ ಜಾಗ ಉಳಿದಿಲ್ಲ. ನಿಮ್ಮ ಕಚೇರಿಯಲ್ಲಿ ಯಾರಾದರೂ ಹತ್ತು ನಿಮಿಷ ಕೂತು ಈ ಲೆಕ್ಕ ಮಾಡಿ ನೋಡಬಹುದು. ಡೆಲ್ ಜಾಲತಾಣದ ಸಪೋರ್ಟ್ ಪುಟದಲ್ಲಿ 5GB2Q83 ಹಾಕಿದಾಗ ಇನ್‌ಸ್ಪಿರಾನ್ 3511 ಅಂತಲೇ ಬಂತು. ಆ ಪುಟದ ಪ್ರಿಂಟ್ ಇಟ್ಟಿದ್ದೇನೆ.

ಈ ನಂಬರನ್ನು 18ರಂದು ಠಾಣೆಗೆ ಹೋಗಿ ಹೆಚ್ಚುವರಿ ಹೇಳಿಕೆಯಾಗಿ ಬರೆಸಿದ್ದೇನೆ. ಎಫ್‌ಐಆರ್‌ನಲ್ಲಿ ನಂಬರ್ ಇಲ್ಲ, ನಿಮ್ಮ ಕ್ಲೇಮ್ ದಾಖಲೆಯಲ್ಲಿ ತಪ್ಪು ನಂಬರ್, ಪತ್ರದಲ್ಲಿ ಇನ್ನೊಂದು. ಹೊರಗಿನವರು ನೋಡಿದರೆ ಮೂರು ಥರ ಮಾತಾಡುತ್ತಿದ್ದಾನೆ ಅನ್ನಿಸುತ್ತದೆ, ಅಲ್ವಾ? ಅದಕ್ಕೇ ದಿನಾಂಕ ಹಿಡಿದು ಬರೆದಿದ್ದೇನೆ. ದಯವಿಟ್ಟು ನಿಮ್ಮ ದಾಖಲೆಯಲ್ಲಿ 5G82Q83 ಇರುವುದನ್ನು 5GB2Q83 ಅಂತ ತಿದ್ದಿ, ತಿದ್ದಿದ್ದಕ್ಕೆ ಒಂದು ಇಮೇಲ್ ಕಳಿಸಿ.

ಫೋಟೋದ ಬಗ್ಗೆ ಇನ್ನೊಂದು ಮಾತು. ವಾಟ್ಸಾಪ್ ಮೂಲಕ ಬಂದ ಫೋಟೋದಲ್ಲಿ ಯಾವ ಫೋನಿನಲ್ಲಿ, ಯಾವಾಗ ತೆಗೆದದ್ದು ಎಂಬ ಮಾಹಿತಿ ಉಳಿಯುವುದಿಲ್ಲ. ಬಾಮೈದನ ಫೋನಿನಲ್ಲಿ ಫೈಲಿನ ಹೆಸರು IMG-20230211-WA0007.jpg ಅಂತಿದೆ. ಅಂದರೆ 11 ಫೆಬ್ರವರಿ 2023. ಚಾಟ್‌ನಲ್ಲೂ ಅದೇ ದಿನ ಕಾಣುತ್ತದೆ. ಹೆಸರನ್ನು ಯಾರು ಬೇಕಾದರೂ ಬದಲಾಯಿಸಬಹುದು ಅಂತ ನೀವು ಅಂದರೆ ಆ ಮಾತೂ ಸರಿಯೇ. ಅದಕ್ಕೆ ಆ ಚಾಟನ್ನು ಅವನು ಅಳಿಸದೆ ಇಟ್ಟಿದ್ದಾನೆ. ಆಯುಧಪೂಜೆಗೆ ಊರಿಗೆ ಬರುತ್ತಾನೆ, ಆಗ ಬೇಕಾದರೆ ಫೋನನ್ನೇ ತೋರಿಸುತ್ತಾನೆ.

ಹಣದ ವಿಷಯ. ಪಟ್ಟಿಯಲ್ಲಿರುವ ವಿಮಾ ಮೊತ್ತ 45,000 ರೂಪಾಯಿ. ನಾನು ಅಷ್ಟನ್ನು ಕೇಳುತ್ತಿದ್ದೇನೆ. ಸುಮಾರು ಮೂರು ವರ್ಷದ ವಸ್ತು, ಸವಕಳಿ ಕಳೆಯುತ್ತೀರಿ ಅಂತ ಗೊತ್ತು. ಕಳೆಯುವುದಕ್ಕೆ ನನ್ನ ತಕರಾರಿಲ್ಲ. ಎಷ್ಟು, ಪಾಲಿಸಿಯ ಯಾವ ಷರತ್ತಿನ ಪ್ರಕಾರ ಅಂತ ಬರವಣಿಗೆಯಲ್ಲಿ ತಿಳಿಸಿ. ಚಾರ್ಜರ್ ಲ್ಯಾಪ್‌ಟಾಪ್ ಜೊತೆಗೇ ಬಂದದ್ದು, ಅದಕ್ಕೆ ಬೇರೆ ಕೇಳುತ್ತಿಲ್ಲ. ಬ್ಯಾಗು, ಮೌಸು ಬಿಡಿ. ಪಿಯುಸಿ ಓದುವ ಮಗಳ ನೋಟ್ಸ್ ಅದರಲ್ಲಿತ್ತು, ಅದಕ್ಕಂತೂ ಯಾವ ಪಾಲಿಸಿಯೂ ಇಲ್ಲ. ಅಂಗಡಿಯ ಲೆಕ್ಕ ಅಂಗಡಿಯ ಕಂಪ್ಯೂಟರ್‌ನಲ್ಲೇ ಇದೆ. ಈ ಲ್ಯಾಪ್‌ಟಾಪು ಮನೆಯ ಬಳಕೆಯದು ಮಾತ್ರ.

ಪತ್ತೆಯಾಗಿಲ್ಲ ಎಂಬ ಸಿ ರಿಪೋರ್ಟ್ ನಿಮಗೆ ಬೇಕು ಅಂತ ಸಹಾಯವಾಣಿಯವರು ಹೇಳಿದರು. ಠಾಣೆಯಲ್ಲಿ ವಿಚಾರಿಸಿದೆ. ತನಿಖೆ ಈಗಷ್ಟೇ ಶುರು, ಅದಕ್ಕೆ ಸಮಯ ಬೇಕು ಅಂದರು. ಅದು ಬರುವವರೆಗೆ ಸರ್ವೇ ಕೆಲಸವನ್ನಾದರೂ ನಿಲ್ಲಿಸಬೇಡಿ. ಸಿ ರಿಪೋರ್ಟ್ ಕೈಗೆ ಬಂದ ದಿನವೇ ತಂದು ಕೊಡುತ್ತೇನೆ. ಹಣ ಕೊಟ್ಟ ಮೇಲೆ ಲ್ಯಾಪ್‌ಟಾಪ್ ಸಿಕ್ಕರೆ ಅದು ನಿಮ್ಮದು. ಆ ಬಗ್ಗೆ ಬಾಂಡ್ ಬರೆದುಕೊಡಲು ಸಿದ್ಧ.

ಸರ್ವೇಯರ್ ಬರುವುದಾದರೆ ಬೆಳಿಗ್ಗೆ ಹತ್ತರ ಒಳಗೆ ಅಥವಾ ಸಂಜೆ ಏಳರ ಮೇಲೆ ಮನೆಯಲ್ಲಿ ಇರುತ್ತೇನೆ. ಭಾನುವಾರವಾದರೆ ಯಾವಾಗ ಬಂದರೂ ಸರಿ.

ಇಂತಿ ತಮ್ಮ ವಿಶ್ವಾಸಿ,
ಎಸ್. ಮಂಜುನಾಥ

ಜೊತೆಗಿಟ್ಟಿರುವುದು: ಕ್ಲೇಮ್ ಫಾರಂ, ಎಫ್‌ಐಆರ್ ಮತ್ತು ಮಹಜರಿನ ನಕಲು, 18ರ ಹೇಳಿಕೆಗೆ ಠಾಣೆ ಕೊಟ್ಟ ಸ್ವೀಕೃತಿ, ಬಿಲ್ಲಿನ ನಕಲು, 52,990 ರೂಪಾಯಿ ಪಾವತಿ ಕಾಣುವ ಬ್ಯಾಂಕ್ ಸ್ಟೇಟ್‌ಮೆಂಟ್ ಪುಟ, ಡೆಲ್ ಪುಟದ ಪ್ರಿಂಟ್, ಲೇಬಲ್ ಫೋಟೋ ಎರಡು ಪ್ರತಿ (ಒಂದು ಪೂರ್ತಿ, ಇನ್ನೊಂದು ಲೇಬಲ್ ಮಾತ್ರ ದೊಡ್ಡದು ಮಾಡಿದ್ದು), ಬಾಗಿಲಿನ ಫೋಟೋ ನಾಲ್ಕು, ರದ್ದು ಮಾಡಿದ ಚೆಕ್ ಒಂದು.